ಫ್ರಿಜ್ಜಿನೊಳಗಿನ ಏಳು ಬಿಂದು ಒಂಬತ್ತು

ನನಗೆ ಹೊಟ್ಟೆಕಿಚ್ಚು ಬಂದರೆ ಹಸಿವು ಹೆಚ್ಚಾಗುತ್ತದೆ. ಹೊಸ ಮೇಡಂ ನಮ್ಮ ವಿಭಾಗಕ್ಕೆ ಬಂದ ಮೇಲಿನ ಎರಡು ವರ್ಷಗಳಲ್ಲಿ ನಾನು ಕ್ಯಾಂಟೀನಿನಲ್ಲಿ ತಿಂದ ಗೋಳಿಬಜೆಗೆ ಲೆಕ್ಕವಿಲ್ಲ. ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿಸಬೇಕಾಯಿತು. ಅದಕ್ಕೂ ನಾನು ಮನಸ್ಸಿನಲ್ಲಿ ಅವರನ್ನೇ ಬೈದುಕೊಂಡೆ.

ಪುತ್ತೂರಿನ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವುದು ನನ್ನ ಕೆಲಸ. ಕಾಣಿಯೂರಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತೇನೆ. ವಿಭಾಗ ಶುರುವಾದಾಗ ಇದ್ದವಳು ನಾನೊಬ್ಬಳೇ. ಒಂದು ಕೋಣೆ, ನಾಲ್ಕು ಮೇಜು, ಒಂದು ತಕ್ಕಡಿ. ಈಗ ಸ್ನಾತಕೋತ್ತರ ತರಗತಿಯೂ ಇದೆ, ನಾನು ಮುಖ್ಯಸ್ಥೆ. ಪಿಎಚ್‌ಡಿ ಮಾತ್ರ ಮಾಡಲಾಗಲಿಲ್ಲ. ಮದುವೆ, ಮಕ್ಕಳು ಎಂದು ಕೇಳಿದವರಿಗೆ ಹೇಳುತ್ತೇನೆ. ನಿಜವಾಗಿ ಧೈರ್ಯ ಸಾಲಲಿಲ್ಲ.

ಹೊಸ ಮೇಡಂ ಕಲ್ಲುಗುಂಡಿಯವರು. ವಯಸ್ಸು ಮೂವತ್ತೆರಡು. ದೊಡ್ಡ ಸಂಸ್ಥೆಯಲ್ಲಿ ಪ್ರೋಟೀನುಗಳ ಮೇಲೆ ಪಿಎಚ್‌ಡಿ ಮಾಡಿ ಬಂದವರು. ಬಂದ ಮೊದಲ ವಾರವೇ ನನ್ನ ಪಕ್ಕದ ತರಗತಿಯಿಂದ ನಗು ಕೇಳಿಸಿತು. ಅಮೈನೋ ಆಮ್ಲಗಳ ಪಾಠದಲ್ಲಿ ಯಾರಾದರೂ ನಗುತ್ತಾರೆಯೇ? ನನ್ನ ತರಗತಿಯಲ್ಲಿ ಆ ಪಾಠಕ್ಕೆ ಮಕ್ಕಳು ಆಕಳಿಸಿದ್ದನ್ನು ಮಾತ್ರ ನೋಡಿದ್ದೆ. ಚಾಕ್‌ಪೀಸು ತರುವ ನೆಪದಲ್ಲಿ ಎದ್ದುಹೋಗಿ ಕಿಟಕಿಯ ಹತ್ತಿರ ನಿಂತೆ.

ಐವರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದ್ದರು. ಕುತ್ತಿಗೆಗೆ ಒಂದೊಂದು ಚೀಟಿ: ಆಸ್ಪಾರ್ಟೇಟ್, ಗ್ಲುಟಮೇಟ್, ಹಿಸ್ಟಿಡಿನ್, ಲೈಸಿನ್, ಆರ್ಜಿನಿನ್. ಪ್ರೋಟೀನಿನ ಸರಪಳಿಯಿಂದ ಹೊರಗೆ ಚಾಚಿಕೊಂಡ ಪಾರ್ಶ್ವಸರಪಳಿಗಳಲ್ಲಿ ಚಾರ್ಜ್ ಹೊರುವ ಮುಖ್ಯವಾದವು ಇವೇ. ಪ್ರತಿಯೊಬ್ಬಳ ಕೈಯಲ್ಲೂ ಒಂದೊಂದು ಅಡಿಕೆ. ಅಡಿಕೆ ಎಂದರೆ ಪ್ರೋಟಾನು. ದ್ರಾವಣದ ಹುಳಿ ಕಡಿಮೆಯಾಗಿ ಪಿಎಚ್ ಏರಿದಂತೆ ಒಬ್ಬೊಬ್ಬರೇ ಅದನ್ನು ಕೆಳಗಿಡಬೇಕು.

"ಈಗ ಪಿಎಚ್ ಎರಡು. ಎಲ್ಲರ ಕೈಯಲ್ಲೂ ಅಡಿಕೆ ಉಂಟು. ಮೊದಲಿನ ಇಬ್ಬರಿಗೆ ಚಾರ್ಜ್ ಇಲ್ಲ, ಉಳಿದ ಮೂವರು ಪ್ಲಸ್. ಒಟ್ಟು ಎಷ್ಟಾಯ್ತು?" ಎಂದರು ಹೊಸ ಮೇಡಂ.

"ಪ್ಲಸ್ ಮೂರು" ಎಂದಿತು ತರಗತಿ.

ಪಿಎಚ್ ನಾಲ್ಕು ದಾಟಿ ಐದಕ್ಕೆ ಬಂದಾಗ ಆಸ್ಪಾರ್ಟೇಟ್, ಗ್ಲುಟಮೇಟ್ ಹುಡುಗಿಯರು ಅಡಿಕೆ ಕೆಳಗಿಟ್ಟು ಮೈನಸ್ ಆದರು. ಆರು ದಾಟಿದಾಗ ಹಿಸ್ಟಿಡಿನ್ ಹುಡುಗಿ ಅಡಿಕೆ ಇಟ್ಟು ತನ್ನ ಪ್ಲಸ್ ಕಳೆದುಕೊಂಡಳು. ಎಂಟಕ್ಕೆ ಬಂದಾಗ ಇಬ್ಬರು ಪ್ಲಸ್, ಇಬ್ಬರು ಮೈನಸ್, ಒಟ್ಟು ಸೊನ್ನೆ. ಹೀಗೆ ಒಟ್ಟು ಸೊನ್ನೆಯಾಗುವ ಪಿಎಚ್ಚಿಗೆ ಐಸೋಎಲೆಕ್ಟ್ರಿಕ್ ಪಾಯಿಂಟ್ ಎನ್ನುತ್ತಾರೆ. ಲೈಸಿನ್ ಮತ್ತು ಆರ್ಜಿನಿನ್ ಹತ್ತು ದಾಟುವವರೆಗೆ ಅಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದರು.

"ಹಾಗಾದ್ರೆ ಐಸೋಎಲೆಕ್ಟ್ರಿಕ್ ಪಾಯಿಂಟಿನಲ್ಲಿ ಪ್ರೋಟೀನಿಗೆ ಚಾರ್ಜೇ ಇಲ್ವಾ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು.

"ಇಲ್ಲ ಅಂತ ಹೇಗೆ ಹೇಳುದು? ನಾಲ್ಕು ಜನ ಚಾರ್ಜ್ ಹೊತ್ತುಕೊಂಡು ನಿಂತಿದ್ದಾರಲ್ಲ, ಎಣಿಸಿ ನೋಡಿ. ಕೂಡಿ ಕಳೆದ್ರೆ ಸೊನ್ನೆ ಅಷ್ಟೆ."

ನಾನು ಚಾಕ್‌ಪೀಸು ತಾರದೆ ತಿರುಗಿ ಬಂದೆ. ಇಷ್ಟು ವರ್ಷ ನಾನು ಬರೆಸುತ್ತಿದ್ದ ನೋಟ್ಸಿನಲ್ಲಿ 'ಆ ಬಿಂದುವಿನಲ್ಲಿ ಪ್ರೋಟೀನಿನ ಮೇಲೆ ಚಾರ್ಜ್ ಇರುವುದಿಲ್ಲ' ಎಂದೇ ಇತ್ತು. ತಪ್ಪೆಂದು ಗೊತ್ತಿರಲಿಲ್ಲವೆಂದಲ್ಲ, ಪರೀಕ್ಷೆಗೆ ಅಷ್ಟು ಸಾಕು ಎಂದು ಬಿಟ್ಟಿದ್ದೆ. ಮರುದಿನ ತರಗತಿಯಲ್ಲಿ ಆ ಸಾಲನ್ನು ತಿದ್ದಿಸಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವತ್ತು ನನಗಾದ ಉರಿ ಸಣ್ಣದಲ್ಲ.

ಇಷ್ಟರಲ್ಲೇ ನಿಲ್ಲುತ್ತಿತ್ತೋ ಏನೋ. ಆದರೆ ಒಬ್ಬ ಹುಡುಗಿಯಿದ್ದಳು.

ಅವಳು ಆಲೆಟ್ಟಿಯವಳು. ತಾಯಿ ರಬ್ಬರ್ ಟ್ಯಾಪಿಂಗ್ ಮಾಡುವವರು. ಪದವಿಯ ಮೂರು ವರ್ಷ ನನ್ನ ಹಿಂದೆಯೇ ಸುತ್ತಿದವಳು. ಪಿಪೆಟ್ ಹಿಡಿಯುವುದನ್ನು ಅವಳಿಗೆ ಕೈಹಿಡಿದು ಕಲಿಸಿದ್ದು ನಾನು, ಸ್ನಾತಕೋತ್ತರಕ್ಕೆ ಸೇರು ಎಂದು ಮನೆಗೆ ಫೋನು ಮಾಡಿ ಒಪ್ಪಿಸಿದ್ದೂ ನಾನು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಕಾಡು ಅವರೆಯ ಬೀಜ ತಂದಳು. ರಬ್ಬರ್ ತೋಟದ ಬೇಲಿಯಲ್ಲಿ ಹಬ್ಬುತ್ತದಂತೆ ಆ ಬಳ್ಳಿ. ಬೀಜದ ರಸಕ್ಕೆ ರಕ್ತಕಣಗಳನ್ನು ಅಂಟಿಸುವ ಗುಣವಿರುವುದನ್ನು ಅವಳೇ ಪರೀಕ್ಷೆ ಮಾಡಿ ನೋಡಿಕೊಂಡಿದ್ದಳು. ಅಂಥ ಪ್ರೋಟೀನಿಗೆ ಲೆಕ್ಟಿನ್ ಎನ್ನುತ್ತಾರೆ.

"ಇದನ್ನು ಶುದ್ಧ ಮಾಡುವಾ ಮೇಡಂ?" ಎಂದಳು.

"ಅದೆಲ್ಲ ನಮ್ಮ ಲ್ಯಾಬಿನಲ್ಲಿ ಆಗುದಲ್ಲ ಮಾರಾಯ್ತಿ. ಕೇಸೀನ್ ಮಾಡು. ಕೈ ಕೊಡುವುದಿಲ್ಲ" ಎಂದೆ.

ಕೇಸೀನ್ ಎಂದರೆ ಹಾಲಿನ ಪ್ರೋಟೀನು. ಪ್ರತಿ ವರ್ಷ ನಾನು ಮಾಡಿಸುವುದು ಅದನ್ನೇ. ಹಾಲಿಗೆ ಅಸಿಟಿಕ್ ಆಮ್ಲವನ್ನು ಹನಿಹನಿಯಾಗಿ ಹಾಕುತ್ತ ಹೋದರೆ ಪಿಎಚ್ ನಾಲ್ಕು ಬಿಂದು ಆರಕ್ಕೆ ಬಂದಾಗ ಕೇಸೀನಿನ ಒಟ್ಟು ಚಾರ್ಜ್ ಸೊನ್ನೆಯಾಗುತ್ತದೆ. ಅಲ್ಲಿಯವರೆಗೆ ಮೈನಸ್ ಮೈನಸ್ ಎಂದು ಒಂದನ್ನೊಂದು ದೂರ ತಳ್ಳುತ್ತಿದ್ದ ಕಣಗಳು ಆಗ ಗುಂಪುಕಟ್ಟಿ ತಳಕ್ಕೆ ಕೂರುತ್ತವೆ. ಬಿಳಿ ಗಂಟು, ಮೇಲೆ ತಿಳಿನೀರು, ಹತ್ತಕ್ಕೆ ಹತ್ತು ಅಂಕ. ಹುಡುಗಿ ತಲೆಯಾಡಿಸಿ ಬೀಜದ ತೊಟ್ಟೆ ಎತ್ತಿಕೊಂಡು ಹೋದಳು. ಮರುವಾರ ನನ್ನ ಮೇಜಿನ ಮೇಲೆ ಪ್ರಾಜೆಕ್ಟುಗಳ ಪಟ್ಟಿ ಬಂತು. ಅವಳ ಹೆಸರಿನ ಮುಂದೆ ಮಾರ್ಗದರ್ಶಕರು ಎಂದು ಹೊಸ ಮೇಡಂ ಹೆಸರಿತ್ತು, ವಿಷಯ ಕಾಡು ಅವರೆಯ ಲೆಕ್ಟಿನ್.

ಬೇಡವೆಂದು ಕಳಿಸಿದ್ದು ನಾನೇ. ಆದರೂ ನನ್ನ ಮಗುವನ್ನು ಯಾರೋ ಎತ್ತಿಕೊಂಡು ಹೋದ ಹಾಗೆ ಸಿಟ್ಟು ಬಂತು. ಸಹಿ ಹಾಕಿ, ಕ್ಯಾಂಟೀನಿಗೆ ಹೋದೆ.

ನಮ್ಮ ಲ್ಯಾಬಿನ ಒಂದು ವಿಚಾರ ಇಲ್ಲಿ ಹೇಳಬೇಕು. ದೊಡ್ಡ ಸಂಸ್ಥೆಗಳಲ್ಲಿ ಇಡೀ ಕೋಣೆಯನ್ನೇ ತಂಪು ಮಾಡಿ ಅದರೊಳಗೆ ಸ್ವೆಟರ್ ಹಾಕಿಕೊಂಡು ಪ್ರೋಟೀನು ಶುದ್ಧ ಮಾಡುತ್ತಾರೆ. ನಮಗೆ ಅಂಥ ಕೋಣೆ ಎಲ್ಲಿಂದ ಬರಬೇಕು? ನಮಗಿರುವುದು ಮನೆಯ ಬಳಕೆಯ ಹಳೆಯ ಫ್ರಿಜ್ಜು. ನಾನು ಅದರ ಒಳಗಿನ ಹಲಗೆಗಳನ್ನು ತೆಗೆಸಿ, ಮೆಕ್ಯಾನಿಕ್ಕನನ್ನು ಕರೆಸಿ ಪಕ್ಕದಲ್ಲಿ ತೂತು ಕೊರೆಸಿದ್ದೆ. ಮಣಿಗಳನ್ನು ತುಂಬಿದ ಗಾಜಿನ ಕೊಳವೆ ಒಳಗೆ ತೂಗುತ್ತದೆ, ಅದರಿಂದ ಇಳಿಯುವ ದ್ರವ ಸಣ್ಣ ನಳಿಕೆಯಲ್ಲಿ ತೂತಿನ ಮೂಲಕ ಹೊರಗಿನ ಬೀಕರಿಗೆ ಬೀಳುತ್ತದೆ. ಆ ಫ್ರಿಜ್ಜಿನ ಬಾಗಿಲಿಗೆ ನಾನೊಂದು ಹಾಳೆ ಅಂಟಿಸಿದ್ದೆ: 'ಟ್ರಿಸ್ ಬಫರಿನ ಪಿಎಚ್ಚನ್ನು ತಂಪಾದ ಮೇಲೆಯೇ ಸರಿಮಾಡುವುದು.'

ಬಫರ್ ಎಂದರೆ ಪಿಎಚ್ ಅಲ್ಲಾಡದಂತೆ ಹಿಡಿದಿಡುವ ದ್ರಾವಣ. ಆದರೆ ಟ್ರಿಸ್ ಎಂಬುದಕ್ಕೆ ಒಂದು ಚಾಳಿ ಇದೆ. ಅದು ಒಂದು ಡಿಗ್ರಿ ತಣ್ಣಗಾದರೆ ಅದರ ಪಿಎಚ್ ಸುಮಾರು ಬಿಂದು ಸೊನ್ನೆ ಎರಡು ಎಂಟರಷ್ಟು ಮೇಲೇರುತ್ತದೆ. ತಂಪು ದೇಶದಲ್ಲಿ ಇದೇನು ದೊಡ್ಡ ಮಾತಲ್ಲ. ಪುತ್ತೂರಿನ ಮೂವತ್ತೊಂದು ಡಿಗ್ರಿ ಸೆಕೆಯಲ್ಲಿ ಏಳು ಬಿಂದು ಎರಡು ಎಂದು ಅಳೆದು ಮಾಡಿದ ಬಫರು, ಐದು ಡಿಗ್ರಿಯ ಫ್ರಿಜ್ಜಿನೊಳಗೆ ಏಳು ಬಿಂದು ಒಂಬತ್ತು ಆಗಿ ಕೂರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ಹೀಗೆ ಒಂದು ಪ್ರೋಟೀನನ್ನು ಕಳೆದುಕೊಂಡು ಮೂರು ದಿನ ಅತ್ತಿದ್ದೆ. ಆ ಹಾಳೆ ಅವತ್ತಿನದು.

ಕಾಲೇಜಿಗೆ ತಪಾಸಣೆಯವರು ಬರುತ್ತಾರೆಂದಾಗ ಹೊಸ ಮೇಡಂ ಫ್ರಿಜ್ಜನ್ನು ತಿಕ್ಕಿ ತೊಳೆಸಿದರು. ಹಾಳೆ ಹೋಯಿತು.

"ಹಳದಿ ಆಗಿತ್ತು ಮೇಡಂ, ತೆಗೆಸಿದೆ. ಬೇಕಿತ್ತಾ?" ಎಂದು ಆಮೇಲೆ ಕೇಳಿದರು.

"ಬೇಡ" ಎಂದೆ. ಇನ್ನೊಂದು ಬರೆದು ಅಂಟಿಸಬಹುದಿತ್ತು. ಅಂಟಿಸಲಿಲ್ಲ.

ಆಮೇಲೊಂದು ಸೋಮವಾರ. ಹುಡುಗಿ ಆ ವರ್ಷದ ಬೀಜವನ್ನೆಲ್ಲ ಅರೆದು, ಸೋಸಿ, ಉಪ್ಪು ಹಾಕಿ ಪ್ರೋಟೀನನ್ನು ತಳಕ್ಕಿಳಿಸಿ, ಕೊನೆಗೆ ಒಂದು ಸಣ್ಣ ಲೋಟದಷ್ಟು ರಸ ಉಳಿಸಿಕೊಂಡಿದ್ದಳು. ಬಳ್ಳಿಯಲ್ಲಿ ಇನ್ನು ಬೀಜವಿಲ್ಲ. ಪ್ರಾಜೆಕ್ಟಿನ ವರದಿ ಕೊಡಲು ಉಳಿದದ್ದು ಮೂರು ವಾರ. ಈ ರಸ ಹೋದರೆ ಅವಳ ವರ್ಷದ ಕೆಲಸವೇ ಹೋದ ಹಾಗೆ. ಮಂಗಳೂರಿನ ಒಂದು ಲ್ಯಾಬಿಗೆ ಕಳಿಸಿ ನೋಡಿಸಿದಾಗ ಲೆಕ್ಟಿನ್ನಿನ ಐಸೋಎಲೆಕ್ಟ್ರಿಕ್ ಪಾಯಿಂಟು ಏಳು ಬಿಂದು ಆರು ಎಂದು ಬಂದಿತ್ತು. ಅಂದರೆ ಪಿಎಚ್ ಅದಕ್ಕಿಂತ ಕೆಳಗಿದ್ದರೆ ಪ್ರೋಟೀನು ಒಟ್ಟಾರೆ ಪ್ಲಸ್, ಮೇಲಿದ್ದರೆ ಮೈನಸ್. ಕೊಳವೆಯಲ್ಲಿ ತುಂಬಿದ್ದು ಮೈನಸ್ ಚಾರ್ಜಿನ ಮಣಿಗಳು. ಏಳು ಬಿಂದು ಎರಡರಲ್ಲಿ ರಸ ಹಾಕಿದರೆ ಪ್ಲಸ್ ಆದ ಲೆಕ್ಟಿನ್ ಮಣಿಗೆ ಅಂಟುತ್ತದೆ, ಬೇಡದ ಮೈನಸ್ ಪ್ರೋಟೀನುಗಳು ತೊಳೆದುಹೋಗುತ್ತವೆ. ಆಮೇಲೆ ಉಪ್ಪುನೀರು ಬಿಟ್ಟು ಲೆಕ್ಟಿನ್ನನ್ನು ಬಿಡಿಸಿಕೊಳ್ಳುವುದು. ಲೆಕ್ಟಿನ್ನಿಗೆ ಕ್ಯಾಲ್ಸಿಯಂ ಬೇಕು. ಫಾಸ್ಫೇಟ್ ಬಫರ್ ಬಳಸಿದರೆ ಅದು ಕ್ಯಾಲ್ಸಿಯಮ್ಮಿನೊಂದಿಗೆ ಸೇರಿ ಮಡ್ಡಿಯಾಗುತ್ತದೆ. ಹಾಗಾಗಿ ಟ್ರಿಸ್ ಆರಿಸಿದ್ದರು. ಯೋಚನೆಯೆಲ್ಲ ಸರಿಯಾಗಿಯೇ ಇತ್ತು.

ಹೊಸ ಮೇಡಂ ಮತ್ತು ಹುಡುಗಿ ಮೇಜಿನ ಮೇಲೆ, ಫ್ಯಾನಿನ ಕೆಳಗೆ, ಬೆವರು ಒರೆಸಿಕೊಳ್ಳುತ್ತ ಪಿಎಚ್ ಸರಿಮಾಡಿದರು. "ಏಳು ಬಿಂದು ಎರಡು! ಸಾಕು ಸಾಕು" ಎಂದು ಇಬ್ಬರೂ ನಕ್ಕರು. ಬಾಟಲಿ ಫ್ರಿಜ್ಜಿಗೆ ಹೋಯಿತು. ನಾನು ಎದುರಿನ ಮೇಜಿನಲ್ಲಿ ಹಾಜರಿ ಪುಸ್ತಕ ತುಂಬುತ್ತಿದ್ದೆ. ಪೆನ್ನು ನಿಂತಿತು. ಹೊಸ ಮೇಡಂ ಕಲಿತ ಕಡೆ ಪಿಎಚ್ ಮೀಟರೂ ತಂಪುಕೋಣೆಯೊಳಗೇ ಇರುತ್ತಿತ್ತಂತೆ, ಅವರೇ ಒಮ್ಮೆ ಹೇಳಿದ್ದರು. ಅಳೆಯುವುದೂ ಅಲ್ಲೇ, ಬಳಸುವುದೂ ಅಲ್ಲೇ. ಈ ತೊಂದರೆ ಅವರಿಗೆ ಎದುರಾಗಿಯೇ ಇರಲಿಲ್ಲ.

ಬಾಯಿ ತೆರೆದರೆ ಮುಗಿಯುತ್ತಿತ್ತು, ಒಂದೇ ವಾಕ್ಯ. ಆದರೆ ಅವರು ನಕ್ಕದ್ದು ಕಿವಿಯಲ್ಲಿತ್ತು. ಗೊತ್ತಾಗಲಿ, ಪಿಎಚ್‌ಡಿ ಮಾಡಿದವರಿಗೂ ಗೊತ್ತಿಲ್ಲದ್ದು ಉಂಟು ಎಂದು ಎಲ್ಲರಿಗೂ ಗೊತ್ತಾಗಲಿ ಎಂದುಕೊಂಡೆ. ಮಂಗಳವಾರವೂ ಹೇಳಲಿಲ್ಲ. ಅವತ್ತಿಡೀ, ರಸದೊಳಗಿನ ಉಪ್ಪು ಹೊರಗೆ ಹೋಗಲೆಂದು, ರಸವನ್ನು ತುಂಬಿದ ತೆಳು ಪೊರೆಯ ಚೀಲ ಆ ಬಫರಿನಲ್ಲಿ ಮುಳುಗಿ ಕೂತಿತ್ತು. ನಾನು ಎರಡು ಸಲ ಫ್ರಿಜ್ಜು ತೆರೆದು ನೋಡಿ ಮುಚ್ಚಿದೆ.

ಬುಧವಾರ ಮಧ್ಯಾಹ್ನ ರಸವನ್ನು ಕೊಳವೆಗೆ ಹಾಕಿದರು. ಹೊಸ ಮೇಡಂ ಪಾಠಕ್ಕೆ ಹೋದರು. ತೂತಿನ ಮೂಲಕ ಇಳಿದದ್ದನ್ನು ಹುಡುಗಿ ಬೀಕರಿನಲ್ಲಿ ಹಿಡಿದು, ಚೀಟಿ ಹಚ್ಚಲು ಮರೆತು, ಸಿಂಕಿನ ಪಕ್ಕ ಇಟ್ಟು ಕೊಳವೆ ತೊಳೆಯುವುದರಲ್ಲಿ ಮುಳುಗಿದಳು. ಚೀಟಿಯಿಲ್ಲದ ಪಾತ್ರೆಯನ್ನು ಸಂಜೆಯ ಮೊದಲು ಚೆಲ್ಲಿ ತೊಳೆಯಬೇಕೆಂಬುದು ಲ್ಯಾಬಿನ ನಿಯಮ. ಆ ನಿಯಮ ಮಾಡಿದವಳು ನಾನೇ. ಅಟೆಂಡರ್ ಅಕ್ಕ ಬಕೆಟ್ಟು ಹಿಡಿದುಕೊಂಡು ಸಿಂಕಿನ ಕಡೆ ಬಂದರು.

ಆ ಬೀಕರಿನಲ್ಲೇ ಎಲ್ಲವೂ ಇತ್ತು. ಏಳು ಬಿಂದು ಒಂಬತ್ತರಲ್ಲಿ ಲೆಕ್ಟಿನ್ ಮೈನಸ್ ಆಗಿ, ಮೈನಸ್ ಮಣಿಗಳಿಗೆ ಅಂಟದೆ, ಬೇಡದ್ದರ ಜೊತೆ ನೇರ ಹೊರಗೆ ಬಂದಿತ್ತು.

"ಅದು ಬೇಡ ಅಕ್ಕ, ಇರ್ಲಿ" ಎಂದೆ. ಬೀಕರನ್ನು ಒಳಗೆ ತಂದು ಚೀಟಿ ಹಚ್ಚಿದೆ: 'ಬುಧವಾರ, ೨.೪೦. ಫ್ರಿಜ್ಜಿನಲ್ಲಿ ಪಿಎಚ್ ೭.೯. ಚೆಲ್ಲಬಾರದು.' ನನ್ನ ಕೋಣೆಯ ಸಣ್ಣ ಫ್ರಿಜ್ಜಿನಲ್ಲಿಟ್ಟೆ. ಹುಡುಗಿಯ ಮೇಲಿನ ಮಮತೆಯಿಂದ ಎಂದು ಬರೆಯಲು ಆಸೆಯಾಗುತ್ತದೆ. ಸ್ವಲ್ಪ ಅದೂ ಇತ್ತು. ಹೆಚ್ಚಾಗಿ ಇದ್ದದ್ದು, ಅವರಿಬ್ಬರೂ ಸೋತು ಕೂತಾಗ ನಾನು ಅದನ್ನು ಹಿಡಿದುಕೊಂಡು ಬರುವ ಚಿತ್ರ.

ಚಿತ್ರ ಹಾಗೆಯೇ ನಡೆಯಿತು. ಗುರುವಾರ ಉಪ್ಪುನೀರು ಬಿಟ್ಟರು. ಶುಕ್ರವಾರ ಬೆಳಿಗ್ಗೆ, ಕೊಳವೆಯಿಂದ ಬಂದ ಒಂದೊಂದು ಭಾಗವನ್ನೂ ರಕ್ತಕಣಗಳ ಜೊತೆ ಪ್ಲಾಸ್ಟಿಕ್ ತಟ್ಟೆಯ ಸಣ್ಣ ಗುಳಿಗಳಲ್ಲಿ ಹಾಕಿ ನೋಡಿದರು. ಲೆಕ್ಟಿನ್ ಇದ್ದರೆ ಕಣಗಳು ಒಂದಕ್ಕೊಂದು ಅಂಟಿ ಗುಳಿಯ ತುಂಬ ಚಾಪೆಯಂತೆ ಹರಡುತ್ತವೆ, ಇಲ್ಲದಿದ್ದರೆ ಜಾರಿ ತಳದಲ್ಲಿ ಗುಂಡಿಯಷ್ಟು ಚುಕ್ಕೆಯಾಗುತ್ತವೆ. ಎಲ್ಲ ಗುಳಿಗಳಲ್ಲೂ ಚುಕ್ಕೆ. ಅಂಟದೆ ಇಳಿದದ್ದನ್ನು ನೋಡುವಾ ಎಂದು ಹೊಸ ಮೇಡಂ ಬೀಕರು ಕೇಳಿದರು. ಹುಡುಗಿ ಸಿಂಕಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಆಮೇಲೆ ಮುಖ ಮುಚ್ಚಿಕೊಂಡು ಅಳತೊಡಗಿದಳು. ಹೊಸ ಮೇಡಂ ಅವಳ ಬೆನ್ನು ಸವರುತ್ತ, "ತಪ್ಪು ನಂದು, ನಾನು ನೋಡ್ಕೊಳ್ಬೇಕಿತ್ತು" ಎನ್ನುತ್ತಿದ್ದರು. ಅವರ ಮುಖವೂ ಬಿಳಿಚಿಕೊಂಡಿತ್ತು. ಎರಡು ವರ್ಷದಿಂದ ನಾನು ನೋಡಬೇಕೆಂದಿದ್ದ ಮುಖ ಅದು. ನೋಡಿದೆ. ಹೇಳಿಕೊಳ್ಳುವಷ್ಟು ಖುಷಿಯಾಗಲಿಲ್ಲ.

ಬೀಕರು ತಂದಿಟ್ಟೆ. ಟ್ರಿಸ್ಸಿನ ಚಾಳಿ ವಿವರಿಸಿದೆ. ಮೀಟರಿನಲ್ಲಿ ಶಾಖ ಸರಿಪಡಿಸುವ ಗುಂಡಿ ಮೀಟರಿನ ಓದನ್ನು ಸರಿಪಡಿಸುತ್ತದೆ, ಬಫರಿನ ಸ್ವಭಾವವನ್ನಲ್ಲ ಎಂದೂ ಹೇಳಿದೆ. ದನಿ ನನಗೇ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಹುಡುಗಿ ಕಣ್ಣೊರೆಸಿಕೊಂಡು ಐಸು ತರಲು ಓಡಿದಳು.

ಹೊಸ ಮೇಡಂ ಬೀಕರನ್ನು ಎತ್ತಿ ಚೀಟಿ ಓದಿದರು. ಬುಧವಾರ, ಎರಡು ನಲವತ್ತು, ಏಳು ಬಿಂದು ಒಂಬತ್ತು. ಉಪ್ಪುನೀರು ಬಿಡುವ ಹಿಂದಿನ ದಿನ. ಅವರು ದಡ್ಡರಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ಹುಡುಗಿಯ ಹೆಜ್ಜೆ ಸಪ್ಪಳ ಕೇಳಿದಾಗ ಉಗುರಿನಿಂದ ಚೀಟಿಯನ್ನು ಕಿತ್ತು, ಮಡಚಿ, ಕೋಟಿನ ಜೇಬಿಗೆ ಹಾಕಿಕೊಂಡರು.

ಮತ್ತೆ ಎಲ್ಲವೂ ಸರಿಯಾಯಿತು. ತಣ್ಣಗಿನ ರಸಕ್ಕೆ ತೆಳು ಆಮ್ಲವನ್ನು ಹನಿಹನಿಯಾಗಿ ಹಾಕಿ ಏಳು ಬಿಂದು ಎರಡಕ್ಕೆ ಇಳಿಸಿದೆವು. ಹೊಸ ಬಫರನ್ನೂ ತಂಪಿನಲ್ಲೇ ಅಳೆದು ಮಾಡಿ ಕೊಳವೆಗೆ ಬಿಟ್ಟೆವು. ಸೋಮವಾರ ಉಪ್ಪುನೀರಿನ ಏಳನೆಯ ಭಾಗದಲ್ಲಿ ಗುಳಿ ತುಂಬ ಕೆಂಪು ಚಾಪೆ ಹರಡಿತು. ಹೊಸ ಮೇಡಂ ವಿಭಾಗದವರನ್ನೆಲ್ಲ ಕರೆದು, "ನನ್ನ ತಪ್ಪಿನಿಂದ ಹೋಗಬೇಕಿದ್ದದ್ದನ್ನು ಮೇಡಂ ಉಳಿಸಿಕೊಟ್ರು" ಎಂದು ಹೇಳಿದರು. ಎಲ್ಲರೂ ನನಗೆ ಚಪ್ಪಾಳೆ ಹೊಡೆದರು. ಅವರ ಕೆಲಸಕ್ಕಿಂತ, ಅವರ ಪಾಠಕ್ಕಿಂತ ಹೆಚ್ಚಾಗಿ ಅವತ್ತು ಅವರ ಆ ದೊಡ್ಡತನಕ್ಕೆ ನನ್ನ ಹೊಟ್ಟೆ ಉರಿಯಿತು. ಬೈದಿದ್ದರೆ ಚೆನ್ನಾಗಿತ್ತು.

ಎರಡು ವಾರ ಕಳೆದು ಹುಡುಗಿ ವರದಿ ಹಿಡಿದುಕೊಂಡು ಸಹಿಗೆ ನನ್ನ ಕೋಣೆಗೆ ಬಂದಳು. ಕೃತಜ್ಞತೆಯ ಪುಟದಲ್ಲಿ ನನ್ನ ಬಗ್ಗೆ ಒಂದು ಸಾಲಿತ್ತು: ಚೆಲ್ಲಿಹೋಗಬೇಕಿದ್ದ ನನ್ನ ಕೆಲಸವನ್ನು ಮೇಡಂ ಕಾಪಾಡಿದರು. ಓದಿದವಳಿಗೆ ಸಹಿ ಹಾಕಲಾಗಲಿಲ್ಲ. ಹೇಳಿಬಿಡೋಣ ಎನಿಸಿತು. ಒಳ್ಳೆಯತನದಿಂದಲ್ಲ. ದೊಡ್ಡವರು ಹೊಸ ಮೇಡಂ ಒಬ್ಬರೇ ಆಗಿ ಉಳಿಯುವುದು ನನಗೆ ಸಹಿಸಲಾಗುತ್ತಿರಲಿಲ್ಲ.

"ಸೋಮವಾರ ನೀವು ಪಿಎಚ್ ಮಾಡುವಾಗಲೇ ನನಗೆ ಗೊತ್ತಿತ್ತು. ಬೇಕಂತಲೇ ಹೇಳಲಿಲ್ಲ. ಹೊಟ್ಟೆಕಿಚ್ಚು" ಎಂದೆ.

ಹುಡುಗಿ ನೆಲ ನೋಡಿದಳು. "ಗೊತ್ತುಂಟು ಮೇಡಂ."

"ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಬುಧವಾರ ನೀವು ಬೀಕರಿಗೆ ಚೀಟಿ ಬರೆದು ನಿಮ್ಮ ಫ್ರಿಜ್ಜಿನಲ್ಲಿ ಇಡುದನ್ನು ನಾನು ನೋಡಿದ್ದೆ. ಎಂತಕ್ಕೆ ಅಂತ ಆಗ ಗೊತ್ತಾಗ್ಲಿಲ್ಲ. ಶುಕ್ರವಾರ ಬೆಳಿಗ್ಗೆ ಅಂದಾಜಾಯ್ತು." ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡು, "ನೀವು ಅಲ್ಲೇ ನಿಂತಿದ್ರಿ. ಈಗ ಹೇಳ್ತೀರಿ, ಈಗ ಹೇಳ್ತೀರಿ ಅಂತ ಕಾಯ್ತಾ ಇದ್ದೆ" ಎಂದಳು.

ಅವತ್ತು ಅವಳು ಅತ್ತದ್ದು ರಸ ಹೋಯಿತೆಂದು ನಾನು ತಿಳಿದಿದ್ದೆ. ರಸ ನನ್ನ ಫ್ರಿಜ್ಜಿನಲ್ಲಿದೆಯೆಂದು ಅವಳಿಗೆ ಗೊತ್ತಿತ್ತು.

"ಮತ್ತೆ ಇದನ್ನು ಯಾಕೆ ಬರೆದದ್ದು?" ಎಂದು ಆ ಸಾಲಿನ ಮೇಲೆ ಬೆರಳಿಟ್ಟೆ.

"ಚೆಲ್ಲಲಿಕ್ಕೆ ಬಿಡಲಿಲ್ಲ ಅಲ್ವಾ ನೀವು? ಅದು ಸುಳ್ಳಲ್ಲ." ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದಳು. "ಸಹಿ ಹಾಕಿ ಮೇಡಂ. ಬೈಂಡಿಂಗಿನವರು ಐದಕ್ಕೆ ಬಾಗಿಲು ಹಾಕ್ತಾರೆ."

ಸಹಿ ಹಾಕಿದೆ. ಅವಳು ಶಾಯಿ ಆರಲೆಂದು ಪುಟದ ಮೇಲೆ ಎರಡು ಸಲ ಊದಿ, ವರದಿ ಎತ್ತಿಕೊಂಡು ಹೋದಳು. ಆಮೇಲೆ ಅವಳು ನನ್ನ ಹತ್ತಿರ ಏನನ್ನೂ ಕೇಳಿಕೊಂಡು ಬರಲಿಲ್ಲ.